ಗೋಡೆಗೆ ಸೋಲುವ ವೇಗ: 5ಜಿ ಸೇವೆಯ ಮಿಲಿಮೀಟರ್ ಅಲೆಗಳು

ಭಾರತದಲ್ಲಿ 5ಜಿ ತರಂಗಾಂತರಗಳ ಹರಾಜು 2022ರ ಆಗಸ್ಟ್ 1ರಂದು ಮುಕ್ತಾಯಗೊಂಡಿತು. ಅಂದು ಮಾರಾಟವಾದವುಗಳಲ್ಲಿ 700 ಮೆಗಾಹರ್ಟ್ಸ್, 3.3 ಗಿಗಾಹರ್ಟ್ಸ್ ಮತ್ತು 26 ಗಿಗಾಹರ್ಟ್ಸ್ ಪಟ್ಟಿಗಳು ಮುಖ್ಯವಾದವು. ಇವೆಲ್ಲವೂ ಗ್ರಾಹಕನಿಗೆ 5ಜಿ ಎಂಬ ಒಂದೇ ಹೆಸರಿನಲ್ಲಿ ತಲುಪುತ್ತವೆಯಾದರೂ ಗುಣದಲ್ಲಿ ಇವು ಒಂದೇ ಸರಕಲ್ಲ. ಜಾಹೀರಾತುಗಳಲ್ಲಿ ಕಾಣುವ ಗಿಗಾಬಿಟ್ ವೇಗ ಬಹುಮಟ್ಟಿಗೆ ಕೊನೆಯದಾದ 26 ಗಿಗಾಹರ್ಟ್ಸ್ ಪಟ್ಟಿಯ ಸಾಮರ್ಥ್ಯ. ಇದನ್ನೇ ಮಿಲಿಮೀಟರ್ ಅಲೆಯ 5ಜಿ ಎನ್ನುವರು. ಈ ವೇಗವನ್ನು ನಂಬಿ ಕಾರ್ಖಾನೆಯ ಅಥವಾ ಗೋದಾಮಿನ ಕೇಬಲ್ ಸಂಪರ್ಕವನ್ನು ಕೈಬಿಡಲು ಯೋಚಿಸುವ ಉದ್ಯಮಿಯು, ಅದೇ ಅಲೆಗಳು ಒಂದು ಕಾಂಕ್ರೀಟ್ ಗೋಡೆಯನ್ನೂ ದಾಟಲಾರವು ಎಂಬುದನ್ನು ಮೊದಲು ಅರಿಯುವುದು ಲೇಸು.

ವೇಗದ ಮೂಲ: ರಸ್ತೆಯ ಅಗಲ

ಅಲೆಯ ಕಂಪನಾಂಕ ಹೆಚ್ಚಿದ ಮಾತ್ರಕ್ಕೆ ಮಾಹಿತಿಯು ವೇಗವಾಗಿ ಚಲಿಸುವುದಿಲ್ಲ. ಎಲ್ಲ ರೇಡಿಯೋ ಅಲೆಗಳೂ ಬೆಳಕಿನ ವೇಗದಲ್ಲಿಯೇ ಸಾಗುತ್ತವೆ. ವೇಗಕ್ಕೆ ಕಾರಣ ಬಳಕೆಗೆ ದೊರೆಯುವ ಪಟ್ಟಿಯ ಅಗಲ, ಅಂದರೆ ಬ್ಯಾಂಡ್‌ವಿಡ್ತ್. ಕೆಳಗಿನ ಕಂಪನಾಂಕಗಳು ಆಕಾಶವಾಣಿ, ದೂರದರ್ಶನ, ರಕ್ಷಣೆ ಹಾಗೂ ಹಳೆಯ ಮೊಬೈಲ್ ಸೇವೆಗಳಿಂದ ಕಿಕ್ಕಿರಿದಿವೆ. ಅಲ್ಲಿ ಹತ್ತಿಪ್ಪತ್ತು ಮೆಗಾಹರ್ಟ್ಸ್ ಸಿಗುವುದೂ ದುಬಾರಿ. 3.3 ಗಿಗಾಹರ್ಟ್ಸ್ ಪಟ್ಟಿಯಲ್ಲಿ ದೊಡ್ಡ ಕಂಪನಿಗಳು ತಲಾ 100 ಮೆಗಾಹರ್ಟ್ಸ್‌ನಷ್ಟು ಪಡೆದವು. 26ರಲ್ಲಾದರೋ ಜಿಯೋ ಸಂಸ್ಥೆಗೆ 1,000 ಮೆಗಾಹರ್ಟ್ಸ್, ಏರ್‌ಟೆಲ್ ಸಂಸ್ಥೆಗೆ 800 ಮೆಗಾಹರ್ಟ್ಸ್ ದೊರೆಯಿತು. ಊರೊಳಗಿನ ಇಕ್ಕಟ್ಟಾದ ಪೇಟೆಬೀದಿಗೂ ಊರಾಚೆಯ ಹೆದ್ದಾರಿಗೂ ಇರುವ ವ್ಯತ್ಯಾಸವೇ ಇಲ್ಲಿಯದು: ಲಾರಿಗಳ ವೇಗ ಒಂದೇ, ಏಕಕಾಲಕ್ಕೆ ಸಾಗುವ ಲಾರಿಗಳ ಸಂಖ್ಯೆ ಬೇರೆ.

ದೂರ ಏಕೆ ಕುಗ್ಗುತ್ತದೆ

ಕಂಪನಾಂಕ ಏರಿದಂತೆ ಅಲೆಯ ಉದ್ದ ಕಿರಿದಾಗುತ್ತದೆ. 3.5 ಗಿಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಸೆಂಟಿಮೀಟರ್. 26 ಗಿಗಾಹರ್ಟ್ಸ್‌ನಲ್ಲಿ ಸುಮಾರು ಹನ್ನೊಂದೂವರೆ ಮಿಲಿಮೀಟರ್. ಆಂಟೆನಾದ ಗಾತ್ರವು ಅಲೆಯ ಉದ್ದಕ್ಕೆ ಅನುಗುಣವಾಗಿರುವುದರಿಂದ ಆಂಟೆನಾವೂ ಚಿಕ್ಕದಾಗುತ್ತದೆ. ಮಳೆಯ ನೀರು ಹಿಡಿಯಲು ಅಂಗಳದಲ್ಲಿ ಕೊಪ್ಪರಿಗೆಯ ಬದಲು ಬಟ್ಟಲನ್ನು ಇಟ್ಟಂತೆ, ಬಂದು ಬೀಳುವ ಶಕ್ತಿ ಅಷ್ಟೇ ಇದ್ದರೂ ಹಿಡಿಯುವ ಬಾಯಿ ಕಿರಿದು. ಈ ಕಾರಣದಿಂದ, ಒಂದೇ ದೂರದಲ್ಲಿ 26 ಗಿಗಾಹರ್ಟ್ಸ್‌ನ ಒಂಟಿ ಆಂಟೆನಾಕ್ಕೆ ದಕ್ಕುವ ಶಕ್ತಿಯು 3.5ರ ಆಂಟೆನಾಕ್ಕೆ ದಕ್ಕುವುದರ ಐವತ್ತೈದನೇ ಒಂದು ಪಾಲು ಮಾತ್ರ. ಗಾಳಿಯೇ ಈ ಅಲೆಗಳನ್ನು ನುಂಗಿಬಿಡುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಈ ಪಟ್ಟಿಯ ಮಟ್ಟಿಗೆ ಸರಿಯಲ್ಲ.

ಈ ನಷ್ಟಕ್ಕೆ ಎಂಜಿನಿಯರುಗಳು ಪರಿಹಾರ ಕಂಡುಕೊಂಡಿದ್ದಾರೆ. ಆಂಟೆನಾ ಚಿಕ್ಕದಾದುದರಿಂದಲೇ ಅಂಗೈಗಿಂತ ಕಿರಿದಾದ ಹಲಗೆಯ ಮೇಲೆ ಅರವತ್ತನಾಲ್ಕು ಆಂಟೆನಾಗಳನ್ನು ಸಾಲಾಗಿ ಜೋಡಿಸಬಹುದು. ಅವೆಲ್ಲವೂ ಒಂದೇ ದಿಕ್ಕಿಗೆ ಕೂಡಿ ದುಡಿದರೆ ಕಳೆದುಹೋದ ಐವತ್ತೈದು ಪಟ್ಟು ಮರಳಿ ಬರುತ್ತದೆ. ಆದರೆ ಆಗ ಸಂಕೇತವು ಲಾಂದ್ರದ ಬೆಳಕಿನಂತೆ ಸುತ್ತಲೂ ಹರಡದೆ ಟಾರ್ಚಿನ ಬೆಳಕಿನಂತೆ ಒಂದೇ ಕಡೆ ಬೀಳುತ್ತದೆ. ಗ್ರಾಹಕನು ಚಲಿಸಿದಂತೆಲ್ಲ ಅದು ಅವನನ್ನು ಹಿಂಬಾಲಿಸುತ್ತಿರಬೇಕು. ನಡುವೆ ಒಬ್ಬ ವ್ಯಕ್ತಿ ಅಡ್ಡ ನಿಂತರೂ ನೂರನೇ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಶಕ್ತಿ ಉಳಿಯುತ್ತದೆ. ಉದ್ದನೆಯ ಅಲೆಗಳು ಕಟ್ಟಡದ ಮೂಲೆಯನ್ನು ಸ್ವಲ್ಪಮಟ್ಟಿಗೆ ಬಳಸಿ ಬಾಗುತ್ತವೆ. ಮಿಲಿಮೀಟರ್ ಅಲೆಗಳಾದರೋ ಬೆಳಕಿನಂತೆಯೇ ಮೂಲೆಯ ಹಿಂದೆ ಗಾಢವಾದ ನೆರಳನ್ನು ಬಿಡುತ್ತವೆ.

ಇದಕ್ಕೆ ಇನ್ನೊಂದು ನಷ್ಟ ಸೇರುತ್ತದೆ. ಪಟ್ಟಿ ಅಗಲವಾದಷ್ಟೂ ಗ್ರಾಹಕ ಯಂತ್ರದೊಳಕ್ಕೆ ಬರುವ ಗದ್ದಲವೂ ಅಷ್ಟೇ ಹೆಚ್ಚುತ್ತದೆ. ನೂರು ಮೆಗಾಹರ್ಟ್ಸ್ ಬದಲು ನಾನೂರು ಬಳಸಿದರೆ ಗದ್ದಲ ನಾಲ್ಕು ಪಟ್ಟು. ವೇಗ ತಂದುಕೊಟ್ಟ ಅಗಲವೇ ದೂರವನ್ನೂ ಕಡಿಮೆ ಮಾಡುತ್ತದೆ.

ಗೋಡೆಯ ಲೆಕ್ಕ

ದೂರದ ನಷ್ಟವನ್ನು ಆಂಟೆನಾಗಳಿಂದ ತುಂಬಿಕೊಳ್ಳಬಹುದು. ಗೋಡೆಯ ನಷ್ಟವನ್ನು ತುಂಬಿಕೊಳ್ಳುವುದು ಬಹು ಕಷ್ಟ. ಮೊಬೈಲ್ ತಂತ್ರಜ್ಞಾನದ ಮಾನಕಗಳನ್ನು ರೂಪಿಸುವ 3ಜಿಪಿಪಿ ಒಕ್ಕೂಟವು ಕಟ್ಟಡ ಸಾಮಗ್ರಿಗಳ ಮೂಲಕ ಸಂಕೇತ ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಸೂತ್ರಗಳನ್ನು ಕೊಟ್ಟಿದೆ. ಅವುಗಳ ಪ್ರಕಾರ 26 ಗಿಗಾಹರ್ಟ್ಸ್‌ನಲ್ಲಿ ಸಾಧಾರಣ ಗಾಜು ಐದನೇ ಒಂದು ಪಾಲನ್ನು ಒಳಗೆ ಬಿಡುತ್ತದೆ. ಬಿಸಿಲಿನ ತಾಪ ತಡೆಯಲು ಲೋಹದ ತೆಳುಲೇಪ ಹಚ್ಚಿದ ಗಾಜು ಸುಮಾರು 1,200ನೇ ಒಂದು ಪಾಲನ್ನಷ್ಟೇ ಬಿಡುತ್ತದೆ. ಕಾಂಕ್ರೀಟ್ ಗೋಡೆ ಸಾವಿರ ಕೋಟಿಯಲ್ಲಿ ಒಂದು ಪಾಲನ್ನೂ ಬಿಡುವುದಿಲ್ಲ. ಅದೇ ಗೋಡೆ 3.5 ಗಿಗಾಹರ್ಟ್ಸ್‌ನಲ್ಲಿ ಎಂಬತ್ತನೇ ಒಂದು ಪಾಲನ್ನು ಬಿಡುತ್ತದೆ.

ಈ ಅಂಕಿಗಳ ಅರ್ಥವನ್ನು ಒಂದು ಉದಾಹರಣೆಯಿಂದ ನೋಡಬಹುದು. ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಒಂದು ಯಂತ್ರಭಾಗಗಳ ಕಾರ್ಯಾಗಾರವಿದೆ, ಅದರಿಂದ 200 ಮೀಟರ್ ದೂರದ ಕಂಬದ ಮೇಲೆ ಆಂಟೆನಾ ಇದೆ ಎಂದು ಭಾವಿಸೋಣ. ಕಾರ್ಯಾಗಾರದ ಹೊರಗೋಡೆಯ ಬಳಿ ಸಂಕೇತವು ಗದ್ದಲಕ್ಕಿಂತ ಸಾವಿರ ಪಟ್ಟು ಬಲವಾಗಿರಲಿ. ಕ್ಲಾಡ್ ಶ್ಯಾನನ್ 1948ರಲ್ಲಿ ನೀಡಿದ ಸೂತ್ರದಂತೆ, 400 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಸೆಕೆಂಡಿಗೆ ಗರಿಷ್ಠ 4 ಗಿಗಾಬಿಟ್ ಸಾಗಿಸಬಹುದು. ವಾಸ್ತವದ ಜಾಲಗಳಲ್ಲಿ ಸಿಗುವುದು ಇದಕ್ಕಿಂತ ಕಡಿಮೆಯೇ, ಆದರೂ ಹೋಲಿಕೆಗೆ ಇದು ಸಾಕು. ಸಾಧಾರಣ ಗಾಜಿನ ಕಿಟಕಿಯ ಒಳಗೆ ಈ ಮಿತಿ 3 ಗಿಗಾಬಿಟ್ಟಿಗೆ ಇಳಿಯುತ್ತದೆ. ಲೇಪಿತ ಗಾಜಿನ ಹಿಂದೆ ಸುಮಾರು 350 ಮೆಗಾಬಿಟ್ ಉಳಿಯುತ್ತದೆ. ಅಲ್ಲಿಯೂ ಕೆಲಸಗಾರನೊಬ್ಬ ಕಿಟಕಿಗೆ ಅಡ್ಡ ಬಂದರೆ ಸಂಪರ್ಕವೇ ಕಡಿಯುತ್ತದೆ. ಕಾಂಕ್ರೀಟ್ ಗೋಡೆಯ ಹಿಂದೆ ಏನೂ ಉಳಿಯದು. ಅದೇ ಕಂಬದಿಂದ ಅಷ್ಟೇ ಬಲದಲ್ಲಿ ಬರುವ 3.5 ಗಿಗಾಹರ್ಟ್ಸ್ ಸಂಕೇತವಾದರೆ, 100 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಹೊರಗೆ ಒಂದು ಗಿಗಾಬಿಟ್ ಮಿತಿಯದು. ಆದರೆ ಕಾಂಕ್ರೀಟ್ ಗೋಡೆಯ ಒಳಗೂ ಸುಮಾರು 375 ಮೆಗಾಬಿಟ್ ಕೊಡಬಲ್ಲದು. ಹೊರಗೆ ನಾಲ್ಕು ಪಟ್ಟು ಮುಂದಿದ್ದ ಅಲೆ ಒಳಗೆ ಸೊನ್ನೆಯಾಗುತ್ತದೆ.

ಮಳೆಯ ಬಗೆಗೂ ಒಂದು ಮಾತು ಹೇಳಬೇಕು. ಗಂಟೆಗೆ 50 ಮಿಲಿಮೀಟರ್ ಪ್ರಮಾಣದ ಬಿರುಮಳೆಯಲ್ಲಿ 200 ಮೀಟರ್ ಹಾದಿಗೆ ಶಕ್ತಿಯ ಸುಮಾರು ಮೂರನೇ ಒಂದು ಭಾಗ ನಷ್ಟವಾಗುತ್ತದೆ. ಗೋಡೆಯ ಮುಂದೆ ಇದು ಅಲ್ಪ. ಹಾದಿ ಒಂದು ಕಿಲೋಮೀಟರ್ ಆದರೆ ಆರನೇ ಒಂದು ಪಾಲಷ್ಟೇ ಉಳಿಯುತ್ತದೆ. ಆದ್ದರಿಂದ ಸಮೀಪದ ಕಂಬದ ಸಂಪರ್ಕವು ಮಳೆ ಬಂದಾಗಲೆಲ್ಲ ಕಡಿಯುತ್ತಿದ್ದರೆ, ಮಳೆಯನ್ನು ದೂರುವ ಮೊದಲು ಆಂಟೆನಾದ ದಿಕ್ಕು, ನೀರು ಹೊಕ್ಕ ಜೋಡಣೆ ಮತ್ತು ಅಡ್ಡಬಂದ ಮರದ ಒದ್ದೆ ಎಲೆಗಳನ್ನು ಪರಿಶೀಲಿಸುವುದು ಯುಕ್ತ.

ಹೊರದೇಶಗಳು ಕಲಿತ ಪಾಠ

ವ್ಯಾಪ್ತಿಯ ತ್ರಿಜ್ಯ ನಾಲ್ಕನೇ ಒಂದಕ್ಕೆ ಇಳಿದರೆ ಅದೇ ಪ್ರದೇಶಕ್ಕೆ ಹದಿನಾರು ಪಟ್ಟು ಕಂಬಗಳು ಬೇಕು. ಪ್ರತಿ ಕಂಬಕ್ಕೂ ವಿದ್ಯುತ್, ಫೈಬರ್ ಕೇಬಲ್, ಬಾಡಿಗೆ ಮತ್ತು ಅನುಮತಿ ಬೇಕು. ದಕ್ಷಿಣ ಕೊರಿಯಾದಲ್ಲಿ 28 ಗಿಗಾಹರ್ಟ್ಸ್ ಪಡೆದ ಮೂರು ಕಂಪನಿಗಳು ತಲಾ 15,000 ಕೇಂದ್ರಗಳನ್ನು ಸ್ಥಾಪಿಸಬೇಕೆಂಬ ಷರತ್ತಿತ್ತು. ಅವು ಸುಮಾರು ಹತ್ತನೇ ಒಂದು ಭಾಗವನ್ನಷ್ಟೇ ಸ್ಥಾಪಿಸಿದವು. ಸರ್ಕಾರವು 2022ರಲ್ಲಿ ಎರಡು ಕಂಪನಿಗಳಿಂದ, 2023ರಲ್ಲಿ ಮೂರನೆಯದರಿಂದ ಆ ಪಟ್ಟಿಯನ್ನು ಹಿಂದಕ್ಕೆ ಪಡೆಯಿತು. ಅಮೆರಿಕದ ವೆರೈಝನ್ ಸಂಸ್ಥೆಯು 2019ರ ಏಪ್ರಿಲ್‌ನಲ್ಲಿ ಶಿಕಾಗೊ ಮತ್ತು ಮಿನಿಯಾಪೊಲಿಸ್ ನಗರಗಳಲ್ಲಿ ಮಿಲಿಮೀಟರ್ ಅಲೆಯಿಂದಲೇ 5ಜಿ ಆರಂಭಿಸಿತ್ತು; 2021ರಲ್ಲಿ ಅದೇ ಸಂಸ್ಥೆ ಮಧ್ಯಮ ಪಟ್ಟಿಗಾಗಿ ಸುಮಾರು 4,500 ಕೋಟಿ ಡಾಲರ್ ತೆತ್ತಿತು.

ಈ ಅಲೆಗಳು ನಿರುಪಯುಕ್ತವೆಂದು ಇದರ ಅರ್ಥವಲ್ಲ. ಕ್ರೀಡಾಂಗಣ, ವಸ್ತುಪ್ರದರ್ಶನ ಮೈದಾನ, ರೈಲು ನಿಲ್ದಾಣಗಳಲ್ಲಿ ಸಾವಿರಾರು ಜನ ತೆರೆದ ಜಾಗದಲ್ಲಿ ಒಟ್ಟಿಗೆ ಸೇರುತ್ತಾರೆ. ಅಲ್ಲಿ ಕಿರಿದಾದ ವ್ಯಾಪ್ತಿಯೇ ಅನುಕೂಲ, ಏಕೆಂದರೆ ಅದೇ ಪಟ್ಟಿಯನ್ನು ಕೆಲವೇ ಮೀಟರ್ ಆಚೆ ಮತ್ತೆ ಬಳಸಬಹುದು. ಇನ್ನೊಂದು ಉಪಯೋಗವೇ ಸಣ್ಣ ಉದ್ಯಮಿಗೆ ಹತ್ತಿರದ್ದು: ತಾರಸಿಯ ಮೇಲೆ ಕಂಬಕ್ಕೆ ಎದುರಾಗಿ ಸ್ಥಿರ ಆಂಟೆನಾ ಕೂರಿಸಿ, ಅಲ್ಲಿಂದ ಕೇಬಲ್ ಮೂಲಕ ಒಳಗೆ ಸಂಪರ್ಕ ಕೊಡುವುದು. ಗೋಡೆಯನ್ನು ದಾಟುವ ಕೆಲಸ ಆಗ ಕೇಬಲ್ಲಿನದು.

ಕರಾರಿಗೆ ಮುನ್ನ

ಇಂತಹ ಸಂಪರ್ಕ ಕೊಳ್ಳುವವರು ಮೊದಲು ಯಾವ ಪಟ್ಟಿ ಎಂದು ಕೇಳಬೇಕು. ಸಾಧನದ ವಿವರಪತ್ರದಲ್ಲಿ n258 ಎಂದಿದ್ದರೆ ಅದು 26 ಗಿಗಾಹರ್ಟ್ಸ್; n78 ಎಂದಿದ್ದರೆ ಮಧ್ಯಮ ಪಟ್ಟಿ. n258 ಇಲ್ಲದ ಫೋನಿಗೆ ಈ ಅಲೆಗಳಿಂದ ಯಾವ ಪ್ರಯೋಜನವೂ ಇಲ್ಲ. ಎರಡನೆಯದಾಗಿ, ತಾರಸಿಯಿಂದ ಕಂಬವು ಬರಿಗಣ್ಣಿಗೆ ಕಾಣುತ್ತದೆಯೇ ಎಂದು ನೋಡಬೇಕು. ನಡುವೆ ಖಾಲಿ ನಿವೇಶನವಿದ್ದರೆ ನಾಳೆ ಅಲ್ಲಿ ಕಟ್ಟಡ ಏಳಬಹುದೆಂಬುದನ್ನೂ ಎಣಿಸಬೇಕು.

ಪರೀಕ್ಷೆಯನ್ನು ಮಾರಾಟ ಪ್ರತಿನಿಧಿ ಬಂದ ಬೆಳಗಿನ ಹೊತ್ತಿನಲ್ಲಿ ಮಾತ್ರವಲ್ಲದೆ, ಲಾರಿಗಳು ಅಂಗಳದಲ್ಲಿ ನಿಂತಿರುವಾಗ, ಕೆಲಸದ ಭರದ ಸಮಯದಲ್ಲಿ, ಒಂದು ಮಳೆಯ ದಿನವೂ ನಡೆಸುವುದು ಉತ್ತಮ. ಪರದೆಯ ಮೇಲಿನ 5ಜಿ ಚಿಹ್ನೆಯನ್ನು ಆಧಾರವಾಗಿ ಹಿಡಿಯಬಾರದು. ಮಿಲಿಮೀಟರ್ ಅಲೆ ತಪ್ಪಿದೊಡನೆ ಸಾಧನವು ಸದ್ದಿಲ್ಲದೆ ಮಧ್ಯಮ ಪಟ್ಟಿಗೆ ಜಾರುತ್ತದೆ. ಚಿಹ್ನೆ ಹಾಗೆಯೇ ಉಳಿದು ವೇಗ ಮಾತ್ರ ಬೀಳುತ್ತದೆ. ಎರಡು ಹೆಜ್ಜೆ ಸರಿದರೆ ವೇಗವು ಗಿಗಾಬಿಟ್ಟಿನಿಂದ ಒಮ್ಮೆಲೇ ಅದರ ಅಲ್ಪಾಂಶಕ್ಕೆ ಇಳಿದು, ಮೊದಲ ಜಾಗಕ್ಕೆ ಬಂದೊಡನೆ ಮತ್ತೆ ಏರುವುದಾದರೆ, ದೋಷ ಸಾಧನದ್ದಲ್ಲ, ಹಾದಿಯದು. ವಿನ್ಯಾಸದ ಕಡತಗಳನ್ನು ಕಳುಹಿಸುವವರು ಮತ್ತು ಕ್ಯಾಮೆರಾ ಕಣ್ಗಾವಲು ಇಟ್ಟವರು ಇಳಿಕೆಯ ವೇಗದ ಜೊತೆಗೆ ಏರಿಕೆಯ ವೇಗವನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಅಲ್ಲಿ ಕಂಬದ ಬಲವಿಲ್ಲ, ಗ್ರಾಹಕನ ಕಿರು ಆಂಟೆನಾದ ಬಲವಷ್ಟೇ ಇರುತ್ತದೆ. ಹಳೆಯ ಕೇಬಲ್ ಸಂಪರ್ಕವನ್ನು ರದ್ದುಪಡಿಸುವ ಅರ್ಜಿಗೆ ಸಹಿ ಹಾಕುವುದು ಈ ಅಳತೆಗಳು ಕೈಸೇರಿದ ನಂತರದ ಮಾತಾಗಿರಲಿ.