ಯಾವ ಕೆಲಸ ಮೊದಲು ಅಂತ ಹೇಳುವವರು ಯಾರು?

ಬೆಂಗಳೂರಿನ ಪೀಣ್ಯದಲ್ಲಿ ಗಿರಾಕಿ ಕೇಳಿದಂತೆ ಒಂದೊಂದೇ ಯಂತ್ರ ಮಾಡಿಕೊಡುವ ಸಣ್ಣ ಕಾರ್ಖಾನೆಗಳಿವೆ. ಒಬ್ಬರಿಗೆ ಬೇರಿಂಗ್ ಒತ್ತಿ ಕೂರಿಸುವ ಯಂತ್ರ ಬೇಕು, ಇನ್ನೊಬ್ಬರಿಗೆ ಪಂಪಿನ ಸೋರಿಕೆ ಪರೀಕ್ಷಿಸುವ ಯಂತ್ರ ಬೇಕು. ಇಂಥವನ್ನು ಎಸ್‌ಪಿಎಂ ಅಂತಾರೆ, ಸ್ಪೆಷಲ್ ಪರ್ಪಸ್ ಮೆಷಿನ್. ಒಮ್ಮೆ ಮಾಡಿದ್ದನ್ನು ಮತ್ತೆ ಹಾಗೇ ಮಾಡುವ ಸಂದರ್ಭ ಕಡಿಮೆ, ಹಾಗಾಗಿ ಪ್ರತಿ ಆರ್ಡರೂ ಒಂದು ಪ್ರಾಜೆಕ್ಟ್. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಆಫೀಸ್, ಅಂದರೆ ಪಿಎಂಓ, ಏನು ಮಾಡುತ್ತದೆ ಅಂತ ತಿಳಿಯುವುದಕ್ಕೆ ದೊಡ್ಡ ಐಟಿ ಕಂಪನಿಗಿಂತ ಇಂಥ ಕಾರ್ಖಾನೆಯೇ ವಾಸಿ. ಇಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ.

ನಲವತ್ತು ಜನರ ಒಂದು ಕಾರ್ಖಾನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೈಯಲ್ಲಿ ಆರು ಆರ್ಡರ್, ಅವನ್ನು ನೋಡಿಕೊಳ್ಳುವುದಕ್ಕೆ ಮೂವರು ಪ್ರಾಜೆಕ್ಟ್ ಮ್ಯಾನೇಜರ್‌ಗಳು. ಡಿಸೈನ್ ಮಾಡಿ ಗಿರಾಕಿಯಿಂದ ಡ್ರಾಯಿಂಗ್‌ಗೆ ಒಪ್ಪಿಗೆ ಪಡೆಯಬೇಕು. ಮೋಟಾರ್, ಗೇರ್‌ಬಾಕ್ಸ್, ಸೆನ್ಸರ್‌ಗಳನ್ನು ತರಿಸಬೇಕು. ಫ್ರೇಮ್ ವೆಲ್ಡ್ ಆಗಬೇಕು, ಬಿಡಿಭಾಗಗಳ ಮೆಷಿನಿಂಗ್ ಮುಗಿಯಬೇಕು, ಅಸೆಂಬ್ಲಿ, ವೈರಿಂಗ್ ಆಗಬೇಕು. ಆಮೇಲೆ ಯಂತ್ರಕ್ಕೆ ಬುದ್ಧಿ ತುಂಬುವ ಪಿಎಲ್‌ಸಿ ಪ್ರೋಗ್ರಾಂ ಬರೆದು ಟ್ರಯಲ್ ತೆಗೆಯಬೇಕು. ಗಿರಾಕಿಯ ಕಡೆಯವರು ಬಂದು ನೋಡಿ ಒಪ್ಪಿದ ಮೇಲೆ ಡಿಸ್ಪ್ಯಾಚ್. ಯಂತ್ರವೊಂದಕ್ಕೆ 40 ಲಕ್ಷ ರೂಪಾಯಿ ಅಂತಿರಲಿ. ಆರ್ಡರ್ ಜತೆ 30 ಶೇಕಡ ಅಡ್ವಾನ್ಸ್, ಡಿಸ್ಪ್ಯಾಚ್‌ಗೆ ಮುಂಚೆ 60, ಅವರ ಕಾರ್ಖಾನೆಯಲ್ಲಿ ನಿಲ್ಲಿಸಿ ಓಡಿಸಿ ತೋರಿಸಿದ ಮೇಲೆ ಉಳಿದ 10. ಹೀಗಾಗಿ ಯಂತ್ರ ಲಾರಿ ಹತ್ತುವ ಹೊತ್ತಿಗೆ ಬರುವ 24 ಲಕ್ಷವೇ ದೊಡ್ಡ ಮೊತ್ತ. ಮುಂದಿನ ತಿಂಗಳ ಸಂಬಳಕ್ಕೂ, ಮುಂದಿನ ಯಂತ್ರದ ಮೋಟಾರಿಗೂ ಅದೇ ಹಣ.

ಈ ಕಂಪನಿಯಲ್ಲಿ ಪಿಎಲ್‌ಸಿ ಬರೆಯುವ ಎಂಜಿನಿಯರ್ ಒಬ್ಬರೇ. ಒಂದು ತಿಂಗಳಲ್ಲಿ ಮೂರು ಯಂತ್ರಗಳು ಒಟ್ಟಿಗೆ ಅವರ ಮುಂದೆ ಬಂದು ನಿಲ್ಲುತ್ತವೆ. ಒಂದೊಂದಕ್ಕೂ ಮೂರು ವಾರದ ಕೆಲಸ. ಮೂವರು ಮ್ಯಾನೇಜರ್‌ಗಳಿಗೂ ತಮ್ಮ ತಮ್ಮ ಗಿರಾಕಿಯ ಫೋನು ತಪ್ಪಿದ್ದಲ್ಲ. ಯಾರನ್ನೂ ಬೇಜಾರು ಮಾಡುವುದು ಬೇಡ ಅಂತ ಎಂಜಿನಿಯರ್ ಮೂರಕ್ಕೂ ಕೈ ಹಾಕುತ್ತಾರೆ. ಮೊದಲ ಯಂತ್ರಕ್ಕೆ ಒಂದು ವಾರ, ಎರಡನೆಯದಕ್ಕೆ ಒಂದು ವಾರ, ಮೂರನೆಯದಕ್ಕೆ ಒಂದು ವಾರ, ಮತ್ತೆ ಮೊದಲನೆಯದಕ್ಕೆ. ಹೀಗೆ ಸುತ್ತು ಹಾಕಿದರೆ ಮೊದಲ ಯಂತ್ರ ಮುಗಿಯುವುದು ಏಳನೆಯ ವಾರಕ್ಕೆ, ಎರಡನೆಯದು ಎಂಟಕ್ಕೆ, ಮೂರನೆಯದು ಒಂಬತ್ತಕ್ಕೆ.

ಅದೇ ಎಂಜಿನಿಯರ್ ಒಂದನ್ನು ಮುಗಿಸಿಯೇ ಇನ್ನೊಂದಕ್ಕೆ ಹೋದರೆ? ಮೂರು, ಆರು, ಒಂಬತ್ತು. ಮೂರನೆಯ ಯಂತ್ರ ಒಂದು ದಿನವೂ ತಡವಾಗಲಿಲ್ಲ. ಎರಡನೆಯದು ಎರಡು ವಾರ ಮೊದಲೇ ಮುಗಿಯಿತು, ಮೊದಲನೆಯದು ನಾಲ್ಕು ವಾರ ಮೊದಲೇ. ಅದರ ಜತೆಗೆ 24 ಲಕ್ಷ ರೂಪಾಯಿಯೂ ನಾಲ್ಕು ವಾರ ಮೊದಲೇ ಕೈಸೇರುತ್ತದೆ. ಯಾರೂ ಹೆಚ್ಚು ದುಡಿಯಲಿಲ್ಲ, ಹೊಸಬರು ಯಾರೂ ಬರಲಿಲ್ಲ. ಒಂದರಿಂದ ಇನ್ನೊಂದಕ್ಕೆ ಹಾರುವಾಗ ಎಲ್ಲಿಗೆ ಬಿಟ್ಟಿದ್ದೆ ಅಂತ ನೆನಪಿಸಿಕೊಳ್ಳಲು ಹೋಗುವ ಹೊತ್ತನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಅದನ್ನೂ ಸೇರಿಸಿದರೆ ಸುತ್ತು ಹಾಕುವ ದಾರಿಗೆ ಒಂಬತ್ತು ವಾರವೂ ಸಾಲದು.

ಇಷ್ಟು ಸರಳ ಲೆಕ್ಕ ಯಾರಿಗೂ ಯಾಕೆ ಹೊಳೆಯಲಿಲ್ಲ ಅಂದರೆ, ಅದು ಯಾರ ಕಣ್ಣಿಗೂ ಪೂರ್ತಿಯಾಗಿ ಕಾಣುವುದಿಲ್ಲ. ಒಬ್ಬೊಬ್ಬ ಮ್ಯಾನೇಜರಿಗೂ ಕಾಣುವುದು ತನ್ನ ಎರಡು ಯಂತ್ರ. ತನ್ನದಕ್ಕಾಗಿ ಜಗಳವಾಡುವುದೇ ಅವರ ಕೆಲಸ, ಅದರಲ್ಲಿ ತಪ್ಪೂ ಇಲ್ಲ. ಮಾಲೀಕರಿಗೆ ಎಲ್ಲವೂ ಗೊತ್ತು, ಆದರೆ ಬಿಡಿಬಿಡಿಯಾಗಿ. ಕೊನೆಗೆ ಯಾರು ಫೋನ್ ಮಾಡಿ ಹೆಚ್ಚು ಕೂಗಾಡಿದರೋ ಅವರ ಯಂತ್ರ ಮುಂದೆ ಹೋಗುತ್ತದೆ. ಎಲ್ಲ ಪ್ರಾಜೆಕ್ಟ್‌ಗಳನ್ನೂ ಒಟ್ಟಿಗೆ ಒಂದೇ ಕಡೆ ಇಟ್ಟು ನೋಡುವ ಜಾಗವೇ ಪಿಎಂಓ. ಒಂದು ಪ್ರಾಜೆಕ್ಟನ್ನು ನಡೆಸುವುದು ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ. ಆರು ಪ್ರಾಜೆಕ್ಟ್‌ಗಳು ಒಂದರ ಕಾಲನ್ನು ಇನ್ನೊಂದು ತುಳಿಯದಂತೆ ನೋಡಿಕೊಳ್ಳುವುದು ಪಿಎಂಓ ಕೆಲಸ.

ಪಠ್ಯಪುಸ್ತಕಗಳು ಪಿಎಂಓಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ಮೊದಲ ಬಗೆ ನಮೂನೆ, ಸಲಹೆ, ತರಬೇತಿ ಕೊಟ್ಟು ಸುಮ್ಮನಿರುತ್ತದೆ. ಎರಡನೆಯದು ಎಲ್ಲರೂ ಒಂದೇ ಪದ್ಧತಿ ಪಾಲಿಸುವಂತೆ ನೋಡಿಕೊಳ್ಳುತ್ತದೆ. ಮೂರನೆಯದು ಪ್ರಾಜೆಕ್ಟ್‌ಗಳನ್ನು ತಾನೇ ನಡೆಸುತ್ತದೆ. ಬ್ಯಾಂಕಿಗೋ ದೊಡ್ಡ ಸಾಫ್ಟ್‌ವೇರ್ ಕಂಪನಿಗೋ ಈ ವಿಂಗಡಣೆ ಬೇಕಾಗಬಹುದು, ನಲವತ್ತು ಜನರ ಕಾರ್ಖಾನೆಗೆ ಇದರಿಂದ ಹೆಚ್ಚಿನ ಉಪಯೋಗವಿಲ್ಲ. ಅಲ್ಲಿ ಬೇಕಾದ್ದು ಒಂದು ಪಟ್ಟಿ, ಅದನ್ನು ಸುಳ್ಳಿಲ್ಲದೆ ಇಡುವ ಒಬ್ಬ ಮನುಷ್ಯ, ವಾರಕ್ಕೊಂದು ಮೀಟಿಂಗ್.

ಪಟ್ಟಿ ಎಕ್ಸೆಲ್‌ನಲ್ಲಿದ್ದರೆ ಸಾಕು. ಪ್ರತಿ ಆರ್ಡರ್‌ಗೆ ಒಂದು ಸಾಲು: ಗಿರಾಕಿಗೆ ಕೊಟ್ಟ ತಾರೀಖು, ಈಗ ನಮಗೆ ಅನ್ನಿಸುತ್ತಿರುವ ತಾರೀಖು, ಮುಂದಿನ ಹೆಜ್ಜೆ ಯಾವುದು, ಅದು ಯಾರ ಕೈಯಲ್ಲಿದೆ, ಯಾವುದಕ್ಕಾಗಿ ಕಾಯುತ್ತಿದೆ. ಪಕ್ಕದಲ್ಲಿ ಇನ್ನೊಂದು ಹಾಳೆ. ಅದರಲ್ಲಿ ಎಲ್ಲರಿಗೂ ಬೇಕಾದ ಆ ಮೂರ್ನಾಲ್ಕು ಜನರ ಹೆಸರು, ಮುಂದಿನ ಎಂಟು ವಾರ ಅವರು ಯಾವ ಯಂತ್ರದ ಮೇಲಿರುತ್ತಾರೆ ಅನ್ನುವುದು. ನಿಜವಾಗಿ ಬೆಲೆ ಬಾಳುವುದು ಈ ಎರಡನೆಯ ಹಾಳೆ. ಒಂದೇ ವಾರದ ಮನೆಯಲ್ಲಿ ಇಬ್ಬರ ಯಂತ್ರ ಬಂದು ಕೂತರೆ ಅಲ್ಲಿ ತಡವಾಗುತ್ತದೆ ಅಂತ ಆರು ವಾರ ಮುಂಚೆಯೇ ಗೊತ್ತಾಗುತ್ತದೆ.

ಪಟ್ಟಿ ಇಡುವುದರಲ್ಲಿ ಕಷ್ಟದ ಭಾಗ ಸತ್ಯ ಬರೆಸುವುದು. ಸೋಮವಾರದ ಮೀಟಿಂಗ್‌ನಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

"ನಿಮ್ಮ ಲೀಕ್ ಟೆಸ್ಟಿಂಗ್ ಮೆಷಿನ್ ಎಲ್ಲಿಗೆ ಬಂತ್ರೀ?"

"ತೊಂಬತ್ತು ಪರ್ಸೆಂಟ್ ಆಗಿದೆ ಸಾರ್."

"ಹೋದ ಸೋಮವಾರಾನೂ ತೊಂಬತ್ತೇ ಅಂದ್ರಿ."

"ಇನ್ನೇನಿಲ್ಲ ಸಾರ್, ಸ್ವಲ್ಪ ವೈರಿಂಗ್, ಆಮೇಲೆ ಟ್ರಯಲ್."

ಸುಳ್ಳು ಹೇಳಬೇಕು ಅಂತ ಅವರು ಹೇಳುತ್ತಿಲ್ಲ. ಫ್ರೇಮು, ಮೋಟಾರು, ಪೇಂಟು ಎಲ್ಲ ಆಗಿ ಯಂತ್ರ ಕಣ್ಣಿಗೆ ಮುಗಿದಂತೆಯೇ ಕಾಣುತ್ತದೆ. ಆದರೆ ತಪ್ಪುಗಳು ಹೊರಬೀಳುವುದು ಟ್ರಯಲ್‌ನಲ್ಲಿ. ಅದಕ್ಕೇ ಅನುಭವಸ್ಥ ಪಿಎಂಓ ಶೇಕಡಾವಾರು ಲೆಕ್ಕ ಕೇಳುವುದನ್ನೇ ಬಿಟ್ಟು ಹೌದು ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಕೇಳುತ್ತದೆ. ಡ್ರಾಯಿಂಗ್‌ಗೆ ಗಿರಾಕಿಯ ಸಹಿ ಬಂದಿದೆಯೇ? ಕೊನೆಯ ಸೆನ್ಸರ್ ಸ್ಟೋರಿಗೆ ಬಂತೇ? ಅವರದೇ ಬಿಡಿಭಾಗ ಹಾಕಿ ಐವತ್ತು ಸಲ ನಿಲ್ಲದೆ ಓಡಿತೇ? ಓಡಿಲ್ಲ ಅಂದರೆ ಟ್ರಯಲ್ ಮುಗಿದಿಲ್ಲ.

ಇನ್ನೊಂದು ಕಡೆ ಹಣ ಸದ್ದಿಲ್ಲದೆ ಸೋರುತ್ತದೆ. ಯಂತ್ರ ನೋಡಲು ಬಂದ ಗಿರಾಕಿ, "ಇಲ್ಲೊಂದು ಸೆನ್ಸರ್ ಹಾಕಿಬಿಡಿ" ಅನ್ನುತ್ತಾರೆ. ಮ್ಯಾನೇಜರ್ ಹೂಂ ಅನ್ನುತ್ತಾರೆ. ಸೆನ್ಸರ್‌ಗೆ ಕೆಲವೇ ಸಾವಿರ ರೂಪಾಯಿ ಇರಬಹುದು, ಆದರೆ ಅದಕ್ಕೊಂದು ಬ್ರಾಕೆಟ್ ಬೇಕು, ಪ್ಯಾನೆಲ್‌ನಲ್ಲಿ ಜಾಗ ಬೇಕು, ಪ್ರೋಗ್ರಾಂ ತಿದ್ದಬೇಕು, ಟ್ರಯಲ್ ಮತ್ತೆ ಮಾಡಬೇಕು. ಆ ಎರಡು ಮೂರು ದಿನ ಬರುವುದು ಅದೇ ಒಬ್ಬ ಎಂಜಿನಿಯರ್ ಲೆಕ್ಕದಿಂದ, ಪೆಟ್ಟು ಬೀಳುವುದು ಬೇರೆ ಯಾರದೋ ಯಂತ್ರಕ್ಕೆ. ಬಾಯಿಮಾತಿನ ಬದಲಾವಣೆ ಏನೇ ಇರಲಿ, ಅದನ್ನು ಬರೆದು, ಎಷ್ಟು ದಿನ, ಎಷ್ಟು ದುಡ್ಡು ಅಂತ ಸೇರಿಸಿ, ಗಿರಾಕಿಗೆ ಒಂದು ಮೇಲ್ ಹಾಕಿದ ಮೇಲೆಯೇ ಕೈಹಚ್ಚಬೇಕು ಅನ್ನುವ ನಿಯಮವನ್ನು ಪಿಎಂಓ ಕಾಯುತ್ತದೆ. ಬಹಳ ಸಲ ಮೇಲ್ ನೋಡಿದ ಗಿರಾಕಿಯೇ ಬೇಡ ಬಿಡಿ ಅನ್ನುತ್ತಾರೆ.

ಹಾಗಾದರೆ ಸಣ್ಣ ಕಂಪನಿಗೆ ಇದು ಯಾವಾಗ ಬೇಕು? ಐವತ್ತು ಜನ ದಾಟಿದಾಗ, ಹತ್ತು ಕೋಟಿ ವಹಿವಾಟು ಮುಟ್ಟಿದಾಗ ಅಂತೆಲ್ಲ ಹೇಳುವುದುಂಟು. ಅಂಥ ಗೆರೆಗಳನ್ನು ನಾನು ನಂಬುವುದಿಲ್ಲ. ಇನ್ನೂರು ಜನರಿದ್ದು ವರ್ಷವಿಡೀ ಒಂದೇ ಬಗೆಯ ಪಂಪ್ ಮಾಡುವ ಕಂಪನಿಗೆ ಪಿಎಂಓ ಬೇಡ, ಒಳ್ಳೆಯ ಪ್ರೊಡಕ್ಷನ್ ಪ್ಲಾನಿಂಗ್ ಬೇಕು. ಒಂದು ಸಲಕ್ಕೆ ಒಂದೇ ಕಟ್ಟಡ ಕಟ್ಟುವ ಕಂಟ್ರಾಕ್ಟರಿಗೂ ಬೇಡ. ಹದಿನೈದೇ ಜನರ ಡಿಸೈನ್ ಕಂಪನಿಯಲ್ಲಿ ಅದೇ ಇಬ್ಬರು ಐದು ಗಿರಾಕಿಗಳ ಕೆಲಸಕ್ಕೆ ಬೇಕಾಗಿದ್ದರೆ ಅಲ್ಲಿ ಬೇಕು.

ಇದನ್ನು ಪರೀಕ್ಷಿಸಲು ಒಂದು ಮಧ್ಯಾಹ್ನ ಸಾಕು. ಇತ್ತೀಚೆಗೆ ತಡವಾದ ಐದು ಪ್ರಾಜೆಕ್ಟ್ ತೆಗೆದುಕೊಳ್ಳಿ. ಒಂದೊಂದೂ ಎಲ್ಲಿ, ಎಷ್ಟು ದಿನ, ಯಾಕೆ ನಿಂತಿತ್ತು ಅಂತ ಕೆಲಸ ಮಾಡಿದವರನ್ನೇ ಕೂರಿಸಿಕೊಂಡು ಬರೆಯಿರಿ. ಮೋಟಾರ್ ತಡವಾಗಿ ಬಂತು ಅಂತ ಮತ್ತೆ ಮತ್ತೆ ಬಂದರೆ ಸರಿಪಡಿಸಬೇಕಾದ್ದು ಪರ್ಚೇಸ್. ಡ್ರಾಯಿಂಗ್ ಒಪ್ಪುವುದಕ್ಕೆ ಗಿರಾಕಿ ತಿಂಗಳು ತೆಗೆದುಕೊಂಡರು ಅಂತ ಬಂದರೆ ಆರ್ಡರ್‌ನ ಷರತ್ತು ಬದಲಾಗಬೇಕು. ಸೇಲ್ಸ್‌ನವರು ಯಾರನ್ನೂ ಕೇಳದೆ ತಾರೀಖು ಒಪ್ಪಿಕೊಂಡಿದ್ದರೆ ಮಾಲೀಕರೇ ಅದನ್ನು ನಿಲ್ಲಿಸಬೇಕು. "ಅವರು ಇನ್ನೊಂದು ಪ್ರಾಜೆಕ್ಟ್‌ನಲ್ಲಿದ್ದರು, ಕಾದೆವು", "ಬೇರೆ ಮೆಷಿನ್ ಮೇಲೆ ನಮ್ಮ ಭಾಗ ಹಾಕಿದ್ದರು", "ಇದು ನಿಂತಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ" ಅನ್ನುವ ಕಾರಣಗಳು ಐದರಲ್ಲಿ ಮೂರು ಕಡೆ ಬಂದರೆ ಪಿಎಂಓ ಶುರು ಮಾಡುವ ಕಾಲ ಬಂದಿದೆ.

ಶುರು ಮಾಡುವಾಗ ಹೊರಗಿನಿಂದ ಸರ್ಟಿಫಿಕೇಟ್ ಇರುವವರನ್ನು ತಂದು ಕೂರಿಸುವ ಆಸೆ ಬರುತ್ತದೆ. ಅದಕ್ಕಿಂತ ಅಸೆಂಬ್ಲಿಯಲ್ಲೋ ಪ್ಲಾನಿಂಗ್‌ನಲ್ಲೋ ಕೆಲಸ ಮಾಡಿ ಶಾಪ್ ಫ್ಲೋರ್ ಬಲ್ಲವರಿಗೆ ವಾರದಲ್ಲಿ ಎರಡು ಮೂರು ದಿನ ಇದಕ್ಕೆ ಬಿಟ್ಟುಕೊಡುವುದು ಒಳ್ಳೆಯದು. "ಇನ್ನೆರಡು ದಿನ ಸಾರ್" ಅಂದಾಗ ಅದು ನಿಜವಾಗಿ ಎಷ್ಟು ದಿನ ಅಂತ ಅವರಿಗೆ ಗೊತ್ತಿರುತ್ತದೆ. ಯಾವ ಯಂತ್ರ ಮೊದಲು ಅನ್ನುವ ತೀರ್ಮಾನ ಮಾಲೀಕರದೇ. ಆದರೆ ಆ ತೀರ್ಮಾನ ಸೋಮವಾರ ಎಲ್ಲರೆದುರು, ಪಟ್ಟಿ ನೋಡಿಕೊಂಡು ಆಗಬೇಕು. ಬುಧವಾರ ಫೋನ್ ಬಂತು ಅಂತ ಮಾಲೀಕರೇ ನೇರವಾಗಿ ಎಂಜಿನಿಯರ್ ಹತ್ತಿರ ಹೋಗಿ ಕೆಲಸ ಬದಲಿಸಿದರೆ ಆ ಹಾಳೆಗೆ ಅರ್ಥವಿಲ್ಲ. ಸಣ್ಣ ಕಂಪನಿಗಳಲ್ಲಿ ಪಿಎಂಓ ಸಾಯುವುದು ಹೆಚ್ಚಾಗಿ ಹೀಗೆಯೇ.

ಸಾಯುವ ಇನ್ನೊಂದು ಬಗೆ ವರದಿಯ ಹೊರೆಯಿಂದ. ಅಮೆರಿಕದ ನೌಕಾಪಡೆ 1955ರಲ್ಲಿ ತೆರೆದ ಸ್ಪೆಷಲ್ ಪ್ರಾಜೆಕ್ಟ್ಸ್ ಆಫೀಸ್ ಪೊಲಾರಿಸ್ ಕ್ಷಿಪಣಿಯನ್ನು ರೂಪಿಸಿತು. ಕೆಲಸಗಳನ್ನು ಜಾಲದಂತೆ ಹೆಣೆದು ತೋರಿಸುವ ಪರ್ಟ್ ವಿಧಾನ ಅಲ್ಲಿಂದಲೇ 1958ರಲ್ಲಿ ಹೊರಬಂದು ಜಗತ್ತೆಲ್ಲ ಹಬ್ಬಿತು. ಆ ಯೋಜನೆಯನ್ನು ಅಧ್ಯಯನ ಮಾಡಿ ಹಾರ್ವೆ ಸಪೋಲ್ಸ್ಕಿ 1972ರಲ್ಲಿ ಪುಸ್ತಕ ಬರೆದರು. ಪರ್ಟ್‌ನ ನಕ್ಷೆಗಳು ಒಳಗಿನ ಕೆಲಸಕ್ಕೆ ನೆರವಾದದ್ದಕ್ಕಿಂತ, ಇಲ್ಲಿ ಎಲ್ಲವೂ ಹಿಡಿತದಲ್ಲಿದೆ ಅಂತ ಹೊರಗಿನವರನ್ನು ನಂಬಿಸಿ ದೂರವಿಡಲು ನೆರವಾದದ್ದೇ ಹೆಚ್ಚು ಅಂತ ಅವರು ವಾದಿಸಿದರು. ಇಂದಿಗೂ ವರದಿ ಕೇಳುವವರು ಬೈಯುವವರೂ ಆಗಿದ್ದರೆ ಎಲ್ಲ ಸಾಲುಗಳಿಗೂ ಹಸಿರು ಬಣ್ಣವೇ ಬರುತ್ತದೆ. ಹೊರಗೆ ಹಸಿರು, ಒಳಗೆ ಕೆಂಪು, ಕಲ್ಲಂಗಡಿಯ ಹಾಗೆ. ತಿಂಗಳುಗಟ್ಟಲೆ ಹಸಿರಾಗಿದ್ದ ಸಾಲು ಡಿಸ್ಪ್ಯಾಚ್‌ಗೆ ಹತ್ತು ದಿನ ಇರುವಾಗ ಒಮ್ಮೆಲೇ ಕೆಂಪಾದರೆ ಪಟ್ಟಿಯಲ್ಲಿ ಸತ್ಯ ಬರುತ್ತಿಲ್ಲ ಅಂತ ತಿಳಿಯಬೇಕು. ತೊಂದರೆ ಮೊದಲೇ ಹೇಳಿದವರಿಗೆ ಆ ಸೋಮವಾರವೇ ನೆರವು ಸಿಕ್ಕರೆ ಮುಂದಿನ ಸೋಮವಾರ ಉಳಿದವರೂ ಬಾಯಿ ಬಿಡುತ್ತಾರೆ.

ಆರು ತಿಂಗಳಾದ ಮೇಲೆ ಇದು ಕೆಲಸ ಮಾಡುತ್ತಿದೆಯೇ ಅಂತ ನೋಡಲು ಎರಡು ತಾರೀಖು ಸಾಕು: ಗಿರಾಕಿಗೆ ಹೇಳಿದ್ದು ಮತ್ತು ಯಂತ್ರ ನಿಜವಾಗಿ ಹೊರಟದ್ದು. ಇವೆರಡರ ಅಂತರ ಯಂತ್ರದಿಂದ ಯಂತ್ರಕ್ಕೆ ಕಿರಿದಾಗುತ್ತಿದ್ದರೆ ಮುಂದುವರಿಸಿ. ಪಟ್ಟಿ ಇಡುವವರಿಗೆ ಮೂರು ದಿನ ಸಾಲುತ್ತಿಲ್ಲ, ಆರು ಆರ್ಡರ್ ಹನ್ನೆರಡಾಗಿವೆ ಅಂದರೆ ಪೂರ್ತಿ ಸಮಯದ ಒಬ್ಬರನ್ನು ನೇಮಿಸುವ ಮಾತು ಎತ್ತಬಹುದು. ಅಂತರ ಹಾಗೇ ಉಳಿದಿದ್ದರೆ ಆ ಐದು ಪ್ರಾಜೆಕ್ಟ್‌ಗಳ ಹಾಳೆಯನ್ನು ಮತ್ತೆ ತೆಗೆದು, ಈ ಆರು ತಿಂಗಳಲ್ಲಿ ತಡವಾದವನ್ನು ಅದಕ್ಕೆ ಸೇರಿಸಿ ಓದಬೇಕು. ಕಾರಣ ಪರ್ಚೇಸ್‌ನಲ್ಲೋ ಸೇಲ್ಸ್‌ನಲ್ಲೋ ಇದೆ ಅಂತ ಗೊತ್ತಾದರೆ ಪಿಎಂಓ ಮುಚ್ಚಿ, ಆ ಮನುಷ್ಯರನ್ನು ಅಲ್ಲಿಗೆ ಕಳಿಸಿ.