ಗೀಜು ಕಟ್ಟಿದ ಕಣ್ಣು: ಮತ್ತೆ ಶಾಲೆಗೆ ಯಾವಾಗ?

ಬೆಳಿಗ್ಗೆ ಮಗು ಕಣ್ಣು ಬಿಡಲಾಗದೆ ಅಳುತ್ತಾ ಎದ್ದರೆ ಮನೆಯಲ್ಲಿ ಮೊದಲು ಬರುವ ಮಾತು ‘ಮದ್ರಾಸ್ ಐ’. 2023ರ ಮಳೆಗಾಲದಲ್ಲಿ ಅದು ಕರ್ನಾಟಕದ ಶಾಲೆಗಳಲ್ಲಿ ಹಬ್ಬಿದ ಮೇಲಂತೂ ಕೆಂಪಾದ ಕಣ್ಣೆಲ್ಲ ಅದೇ ಎಂಬಂತಾಗಿದೆ. ಆದರೆ ಕಣ್ಣು ಕೆಂಪಾಗಲು ವೈರಸ್, ಬ್ಯಾಕ್ಟೀರಿಯಾ, ಅಲರ್ಜಿ ಮೂರೂ ಕಾರಣವಾಗಬಲ್ಲವು. ಔಷಧಿಯೂ ಶಾಲೆಯ ರಜೆಯೂ ಇದನ್ನೇ ಅವಲಂಬಿಸಿವೆ. ಸುಳಿವು ಕೆಂಪು ಬಣ್ಣದಲ್ಲಿಲ್ಲ, ಕಣ್ಣಿನಿಂದ ಬರುವ ಗೀಜಿನಲ್ಲಿದೆ.

ಎರಡನೇ ತರಗತಿಯ ಒಬ್ಬ ಹುಡುಗಿ ಇದ್ದಾಳೆ ಎಂದುಕೊಳ್ಳಿ. ನಾಲ್ಕು ದಿನದಿಂದ ನೆಗಡಿ. ಸೋಮವಾರ ಬೆಳಿಗ್ಗೆ ಎರಡೂ ಕಣ್ಣಿನ ರೆಪ್ಪೆ ಅಂಟಿಕೊಂಡಿವೆ. ಅಮ್ಮ ಬೆಚ್ಚಗಿನ ನೀರಲ್ಲಿ ಒರೆಸಿದರೆ ಕಣ್ಣು ತೆರೆಯುತ್ತದೆ, ಸ್ವಲ್ಪ ಹೊತ್ತಿಗೇ ಮತ್ತೆ ಹಳದಿ ಗೀಜು. ‘ತುರಿಸುತ್ತಾ ಪುಟ್ಟಿ?’ ಎಂದರೆ ‘ಇಲ್ಲಮ್ಮ’ ಎನ್ನುತ್ತಾಳೆ. ಇದು ಬ್ಯಾಕ್ಟೀರಿಯಾದ ಸೋಂಕಿನ ಕಡೆಗೆ ಬೊಟ್ಟು ಮಾಡುವ ಲಕ್ಷಣ. ದೊಡ್ಡವರಿಗಿಂತ ಮಕ್ಕಳಲ್ಲಿ ಇದು ಹೆಚ್ಚು. ಜೊತೆಗೆ ರಾತ್ರಿ ಕಿವಿ ನೋವೆಂದು ಅತ್ತಿದ್ದಳು ಎಂದಾದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು. ನೆಗಡಿಯ ಬೆನ್ನಿಗೆ ಬರುವ ಒಂದೇ ಬ್ಯಾಕ್ಟೀರಿಯಾ ಕಣ್ಣಿಗೂ ಕಿವಿಗೂ ಹತ್ತುವುದುಂಟು. ಆಗ ಕಣ್ಣಿನ ಹನಿಗಳಷ್ಟೇ ಸಾಲದೆ ಕುಡಿಯುವ ಆಂಟಿಬಯೋಟಿಕ್ ಬೇಕಾಗಬಹುದು. ಕಿವಿ ಸರಿಯಿದ್ದು ಕಣ್ಣಿನದಷ್ಟೇ ತೊಂದರೆಯಾದರೆ ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಹನಿ ಹಾಕಿದರೆ ಇನ್ನೂ ಬೇಗ.

ವೈರಸ್ಸಿನ ಕಣ್ಣುಬೇನೆಯ ನಡೆಯೇ ಬೇರೆ. ಮೊದಲು ಒಂದು ಕಣ್ಣು, ಎರಡು ಮೂರು ದಿನದಲ್ಲಿ ಇನ್ನೊಂದು. ದಟ್ಟ ಗೀಜಿಗಿಂತ ಧಾರಾಳವಾಗಿ ನೀರು. ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಗಂಟಲು ನೋವು, ಜ್ವರ ಇರಬಹುದು, ಕಿವಿಯ ಮುಂದೆ ಸಣ್ಣ ಗಂಟು ಕೈಗೆ ಸಿಗಬಹುದು. ಬೆಳಿಗ್ಗೆ ರೆಪ್ಪೆ ಇಲ್ಲಿಯೂ ಅಂಟುತ್ತದೆ, ಗೊಂದಲ ಹುಟ್ಟುವುದೇ ಅಲ್ಲಿ. ಆಂಟಿಬಯೋಟಿಕ್ ಹನಿ ವೈರಸ್ಸಿಗೆ ಏನೂ ಮಾಡದು. ಒಂದೆರಡು ವಾರ ಕಾಯಬೇಕು, ತಣ್ಣನೆಯ ಒದ್ದೆ ಬಟ್ಟೆ ಇಡಬೇಕು. ಅಂದ ಹಾಗೆ, ಕಣ್ಣುಬೇನೆಯವರನ್ನು ನೋಡಿದ ಮಾತ್ರಕ್ಕೆ ಅದು ಹರಡುವುದಿಲ್ಲ. ಹರಡುವುದು ಕೈ, ಟವೆಲ್, ದಿಂಬು, ಕರ್ಚೀಫುಗಳಿಂದ. ಕಪ್ಪು ಕನ್ನಡಕ ಬೆಳಕಿನ ಕಿರಿಕಿರಿಯನ್ನಷ್ಟೇ ತಡೆಯುತ್ತದೆ.

ತುರಿಕೆಯೇ ದೊಡ್ಡ ದೂರಾದರೆ ಅಲರ್ಜಿ. ಎರಡೂ ಕಣ್ಣು ಒಟ್ಟಿಗೆ ಕೆಂಪಾಗುತ್ತವೆ, ಮಗು ಉಜ್ಜುತ್ತಲೇ ಇರುತ್ತದೆ. ಬಿಸಿಲ ನಾಡಿನ ಮಕ್ಕಳಲ್ಲಿ, ಅದರಲ್ಲೂ ಹುಡುಗರಲ್ಲಿ, ಪ್ರತಿ ಬೇಸಿಗೆಗೆ ಮರಳುವ ಒಂದು ಬಗೆಯಿದೆ. ಅದರಲ್ಲಿ ಬಿಳಿಯ ಗೀಜು ದಾರದಂತೆ ಎಳೆ ಎಳೆಯಾಗಿ ಬರುವುದರಿಂದ ಮನೆಯವರು ಸೋಂಕೆಂದೇ ತಿಳಿಯುತ್ತಾರೆ. ನನ್ನ ದೊಡ್ಡ ಆತಂಕ ಇರುವುದು ಇಲ್ಲಿ. ಮೆಡಿಕಲ್ ಶಾಪಿನಿಂದ ತಂದ ಸ್ಟೀರಾಯ್ಡ್ ಬೆರೆತ ಹನಿ ಒಂದೇ ದಿನದಲ್ಲಿ ತುರಿಕೆಯನ್ನೂ ಕೆಂಪನ್ನೂ ಇಳಿಸಿಬಿಡುತ್ತದೆ. ಮುಂದಿನ ಬೇಸಿಗೆಗೂ ಅದೇ ಬಾಟಲಿಯ ಹೆಸರು ಹೇಳಿ ತರುತ್ತಾರೆ. ತಿಂಗಳುಗಟ್ಟಲೆ ಹಾಗೆ ಹಾಕಿದರೆ ಕಣ್ಣಿನ ಒತ್ತಡ ಏರಿ, ನೋವೇ ಇಲ್ಲದೆ ದೃಷ್ಟಿ ಹೋಗಬಹುದು. ಹರ್ಪಿಸ್ ವೈರಸ್ಸಿದ್ದ ಕಣ್ಣಿಗಾದರೆ ಅದೇ ಹನಿ ಕರಿಗುಡ್ಡೆಯನ್ನೇ ಹಾಳುಮಾಡೀತು. ಸ್ಟೀರಾಯ್ಡ್ ಬೇಕೋ ಬೇಡವೋ ಎಂಬುದನ್ನು ಕಣ್ಣಿನ ಡಾಕ್ಟರೇ ಪರೀಕ್ಷಿಸಿ ಹೇಳಬೇಕು. ಎದೆಹಾಲು, ಹರಳೆಣ್ಣೆ ಕೂಡ ಬೇಡ.

ಮನೆಯಲ್ಲಿ ಮಾಡಬೇಕಾದ್ದು ಸರಳ. ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಕಡೆಯಿಂದ ಹೊರಗೆ ಒರೆಸಿ, ಪ್ರತಿ ಸಲ ಹೊಸ ಹತ್ತಿ. ಹನಿ ಹಾಕಿಸಿಕೊಳ್ಳಲು ಹಠ ಮಾಡುವ ಮಗುವನ್ನು ಅಂಗಾತ ಮಲಗಿಸಿ, ಕಣ್ಣು ಮುಚ್ಚಿಕೊಂಡಿರುವಾಗಲೇ ಮೂಗಿನ ಬದಿಯ ಮೂಲೆಗೆ ಹನಿ ಬಿಡಿ. ಕಣ್ಣು ತೆರೆದಾಗ ಅದು ತಾನೇ ಒಳಗಿಳಿಯುತ್ತದೆ. ಬಾಟಲಿಯ ತುದಿ ರೆಪ್ಪೆಗೆ ತಾಗಕೂಡದು, ಅದೇ ಬಾಟಲಿ ತಮ್ಮನಿಗೂ ಬೇಡ. ಬೆಳಕು ನೋಡಲಾಗದಿದ್ದರೆ, ತೀವ್ರ ನೋವಿದ್ದರೆ, ಮಂಜು ಕಾಣುತ್ತಿದ್ದರೆ, ಕರಿಗುಡ್ಡೆಯಲ್ಲಿ ಬಿಳಿ ಚುಕ್ಕೆ ಕಂಡರೆ, ರೆಪ್ಪೆ ಊದಿ ಮುಚ್ಚಿ ಜ್ವರ ಬಂದರೆ ಅದೇ ದಿನ ತೋರಿಸಿ. ಒಂದು ತಿಂಗಳೊಳಗಿನ ಶಿಶುವಿನ ಕಣ್ಣಲ್ಲಿ ಕೀವು ಕಂಡರೆ ಗಂಟೆಯೂ ತಡ ಮಾಡಬಾರದು.

ಇನ್ನು ಶಾಲೆ. ಬ್ರಿಟನ್ನಿನ ಆರೋಗ್ಯ ಇಲಾಖೆ ಕಣ್ಣುಬೇನೆಗೆಂದೇ ಮಕ್ಕಳನ್ನು ಮನೆಯಲ್ಲಿ ಇರಿಸಬೇಕಿಲ್ಲ ಎನ್ನುತ್ತದೆ. ಒಂದೇ ಬೆಂಚಿನಲ್ಲಿ ಮೂವರು ಕೂರುವ ನಮ್ಮ ತರಗತಿಗಳಿಗೆ ಸ್ವಲ್ಪ ಬಿಗಿ ಲೆಕ್ಕವೇ ಸರಿ. ಬ್ಯಾಕ್ಟೀರಿಯಾದ್ದಾದರೆ ಹನಿ ಶುರುವಾಗಿ 24 ಗಂಟೆ ಕಳೆದು, ಗೀಜು ಕಡಿಮೆಯಾದ ಮೇಲೆ ಕಳಿಸಬಹುದು. ವೈರಸ್ಸಿನದಕ್ಕೆ ದಿನದ ಲೆಕ್ಕ ಕೊಡುವುದು ಕಷ್ಟ. ನೀರು ಸುರಿಯುವುದು ನಿಂತು, ಜ್ವರ ಬಿಟ್ಟು, ಮಗು ಕಣ್ಣಿಗೆ ಕೈ ಹಾಕುವುದನ್ನು ಬಿಟ್ಟಿರಬೇಕು. ಇದಕ್ಕೆ ಹಲವರಿಗೆ ಒಂದು ವಾರ, ಕೆಲವರಿಗೆ ಇನ್ನೂ ಹೆಚ್ಚು ಹಿಡಿದೀತು. ಅಲರ್ಜಿಯ ಮಗು ಒಂದು ದಿನವೂ ಮನೆಯಲ್ಲಿ ಕೂರಬೇಕಾಗಿಲ್ಲ. ಕೆಂಗಣ್ಣು ಕಂಡು ಟೀಚರ್ ಗೇಟಿನಿಂದಲೇ ವಾಪಸ್ ಕಳಿಸದಂತೆ, ‘ಇದು ಹರಡುವುದಲ್ಲ’ ಎಂದು ಡಾಕ್ಟರಿಂದ ಒಂದು ಸಾಲು ಬರೆಸಿ ಡೈರಿಯಲ್ಲಿಟ್ಟು ಕಳಿಸಿ.