ನಲವತ್ತು ಬೆಡ್, ಮೂವತ್ತನಾಲ್ಕು ಜನ

ಬೆಂಗಳೂರಿನ ಬಿಟಿಎಂ ಲೇಔಟ್, ಮಾರತ್ತಹಳ್ಳಿ, ವಿಜಯನಗರದ ಕಡೆ ಓಡಾಡಿದವರಿಗೆ ಕರೆಂಟ್ ಕಂಬಗಳ ಮೇಲಿನ ಪಿಜಿ ಚೀಟಿಗಳು ಹೊಸದೇನಲ್ಲ. ಟೂ ಶೇರಿಂಗ್, ಮೂರು ಹೊತ್ತು ಊಟ, ವೈಫೈ, 24 ಗಂಟೆ ಬಿಸಿನೀರು, ಕೆಳಗೊಂದು ಫೋನ್ ನಂಬರ್. ಒಂದು ಬೆಡ್ಡಿಗೆ ಇಷ್ಟೇ ದರ ಯಾಕೆ ಎಂದು ನಡೆಸುವವರನ್ನು ಕೇಳಿದರೆ ಬಹಳ ಕಡೆ ಸಿಗುವ ಉತ್ತರ ಒಂದೇ: ಪಕ್ಕದ ಪಿಜಿಯವರು ಎಷ್ಟು ತಗೊಳ್ತಾರೋ ಅದಕ್ಕಿಂತ ಐನೂರು ಕಮ್ಮಿ. ಆದರೆ ಪಕ್ಕದವರು ಸ್ವಂತ ಕಟ್ಟಡದಲ್ಲಿ ನಡೆಸುತ್ತಿರಬಹುದು, ಇವರದು ಬಾಡಿಗೆ ಕಟ್ಟಡ ಇರಬಹುದು. ಅಲ್ಲಿಂದ ಎರವಲು ತಂದ ದರ ಇಲ್ಲಿನ ಖರ್ಚಿಗೆ ಹೊಂದಬೇಕೆಂಬ ನಿಯಮವೇನೂ ಇಲ್ಲ.

ಹಾಗಾದರೆ ದರ ಕಟ್ಟುವುದು ಹೇಗೆ? ಲೆಕ್ಕಕ್ಕಾಗಿ ಒಂದು ಕಟ್ಟಡವನ್ನು ಇಟ್ಟುಕೊಳ್ಳೋಣ. ಅಂಕಿಗಳೆಲ್ಲ ಉದಾಹರಣೆಗೆ ಮಾತ್ರ. ಓದುಗರು ತಮ್ಮ ಬೀದಿಯ ಅಂಕಿಗಳನ್ನು ಹಾಕಿಕೊಳ್ಳಬಹುದು. 20 ರೂಮು, ರೂಮಿಗೆ ಎರಡರಂತೆ 40 ಬೆಡ್. ಮೂರನೇ ಮಂಚವನ್ನೂ ತುರುಕಬಾರದೇ ಎಂಬ ಆಸೆ ಸಹಜ. ಆದರೆ 2024ರಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ತಲೆಗೆ ಕನಿಷ್ಠ 70 ಚದರಡಿ ಜಾಗ ಬೇಕು. 150 ಚದರಡಿಯ ರೂಮಿನಲ್ಲಿ ಇಬ್ಬರಿಗೇ ಲೆಕ್ಕ ಮುಗಿಯುತ್ತದೆ.

ಕಟ್ಟಡದ ಬಾಡಿಗೆ ತಿಂಗಳಿಗೆ 1,60,000 ರೂಪಾಯಿ. ಅಡುಗೆಯವರು, ಸಹಾಯಕ, ಇಬ್ಬರು ಕ್ಲೀನಿಂಗಿನವರು, ಒಬ್ಬ ಮ್ಯಾನೇಜರ್, ಇವರ ಸಂಬಳ 80,000. ಇಂಟರ್‌ನೆಟ್, ನೀರು, ಮೋಟಾರು ಮತ್ತು ಮೆಟ್ಟಿಲ ದೀಪಗಳ ಕರೆಂಟು, ರಿಪೇರಿ, ಲೈಸೆನ್ಸು ಎಲ್ಲ ಸೇರಿ 30,000. ಇಷ್ಟನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಮರೆತುಹೋಗುವುದು ಮುಂದಿನ ಮೂರು. ಮಂಚ, ಹಾಸಿಗೆ, ಬೀರು, ಗೀಸರಿಗೆ ಹಾಕಿದ 6 ಲಕ್ಷ ಐದು ವರ್ಷದಲ್ಲಿ ಸವೆಯುತ್ತದೆ ಎಂದುಕೊಂಡರೆ ತಿಂಗಳಿಗೆ 10,000. ಬೆಂಗಳೂರಿನ ಹಳೆಯ ರೂಢಿಯಂತೆ ಕಟ್ಟಡದ ಮಾಲೀಕರಿಗೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿದ್ದರೆ ಅಲ್ಲಿ 16 ಲಕ್ಷ ಸುಮ್ಮನೆ ಕೂತಿದೆ, ವರ್ಷಕ್ಕೆ ಶೇ. 9ರ ಬಡ್ಡಿ ಹಿಡಿದರೂ ತಿಂಗಳಿಗೆ 12,000. ಕೊನೆಯದು, ಬೆಳಗಿನಿಂದ ರಾತ್ರಿಯವರೆಗೆ ಅಲ್ಲೇ ಇರುವ ಪಿಜಿಯವರ ಸ್ವಂತ ದುಡಿಮೆ. ಅದಕ್ಕೆ 28,000 ಇಟ್ಟುಕೊಳ್ಳೋಣ. ಒಟ್ಟು 3,20,000. ಒಬ್ಬರೇ ಇರಲಿ, ನಲವತ್ತು ಜನ ಇರಲಿ, ಈ ಹಣ ತಿಂಗಳು ತಿಂಗಳು ಹೋಗಲೇಬೇಕು.

ಇದನ್ನು 40ರಿಂದ ಭಾಗಿಸಿದರೆ ಬೆಡ್ಡಿಗೆ 8,000. ಎಡವುವುದು ಇಲ್ಲೇ. ನಲವತ್ತೂ ಬೆಡ್ಡು ಹನ್ನೆರಡೂ ತಿಂಗಳು ತುಂಬಿರುವ ಪಿಜಿ ಎಲ್ಲಿದೆ?

ಭಾಗಿಸಬೇಕಾದದ್ದು ಇರುವ ಬೆಡ್ಡುಗಳಿಂದ ಅಲ್ಲ, ಬಾಡಿಗೆ ಬರುವ ಬೆಡ್ಡುಗಳಿಂದ. 40 ಬೆಡ್ಡು, 12 ತಿಂಗಳು ಎಂದರೆ ವರ್ಷಕ್ಕೆ 480 ಬೆಡ್-ತಿಂಗಳು. ಹಿಂದಿನ ವರ್ಷದ ರಿಜಿಸ್ಟರ್ ತೆಗೆದು ಎಣಿಸಿದಾಗ ಅದರಲ್ಲಿ 408ಕ್ಕೆ ಮಾತ್ರ ದುಡ್ಡು ಬಂದಿದೆ ಎಂದಿಟ್ಟುಕೊಳ್ಳಿ. ಅಂದರೆ ಶೇ. 85, ಸರಾಸರಿ 34 ಜನ. ವರ್ಷದ ಖಾಯಂ ಖರ್ಚು 38,40,000 ರೂಪಾಯಿಯನ್ನು 408ರಿಂದ ಭಾಗಿಸಿದರೆ 9,412. ಖಾಲಿ ಬೆಡ್ಡಿನ ಭಾರ ಹೀಗೆ ತುಂಬಿದ ಬೆಡ್ಡಿನ ಮೇಲೆ ಬರುತ್ತದೆ. ಶೇ. 15 ಖಾಲಿ ಅಂದಮೇಲೆ 8,000ಕ್ಕೆ ಶೇ. 15 ಸೇರಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದರೆ ಬರುವುದು 9,200. ಬೆಡ್ಡಿಗೆ 212 ರೂಪಾಯಿ ಕಡಿಮೆ ಬಿತ್ತು. ವರ್ಷಕ್ಕೆ 86,000ಕ್ಕೂ ಹೆಚ್ಚು ಸೋರಿಹೋಯಿತು. 0.85ರಿಂದ ಭಾಗಿಸುವುದೇ ಸರಿಯಾದ ದಾರಿ.

ಬೆಡ್ಡು ಖಾಲಿ ಬೀಳುವುದಕ್ಕೆ ಕಾರಣ ಏರಿಯಾದಿಂದ ಏರಿಯಾಕ್ಕೆ ಬೇರೆ. ಧಾರವಾಡದಂಥ ಊರಿನ ಕಾಲೇಜು ಹುಡುಗರ ಹಾಸ್ಟೆಲ್ಲಿನಲ್ಲಿ ಪರೀಕ್ಷೆ ಮುಗಿದ ವಾರ ಟ್ರಂಕು, ಹಾಸಿಗೆ ಸುರುಳಿಗಳೊಂದಿಗೆ ಇಡೀ ಮಹಡಿ ಬರಿದಾಗುತ್ತದೆ. ಅಲ್ಲಿ ಹತ್ತು ತಿಂಗಳ ವಸೂಲಿಯಲ್ಲಿ ಹನ್ನೆರಡು ತಿಂಗಳ ಬಾಡಿಗೆ ಹುಟ್ಟಬೇಕು. ಹಾಗಾಗಿ ತಿಂಗಳ ಲೆಕ್ಕ ಬಿಟ್ಟು ವರ್ಷದ ಫೀಸನ್ನು ಎರಡು ಕಂತಿನಲ್ಲಿ ತೆಗೆದುಕೊಳ್ಳುವುದು ಅಲ್ಲಿಗೆ ಹೊಂದುತ್ತದೆ. ಐಟಿ ಕಂಪನಿಗಳ ಸುತ್ತಲಿನ ಪಿಜಿಯಲ್ಲಿ ಹೀಗೆ ಒಮ್ಮೆಲೇ ಬರಿದಾಗುವುದು ಕಡಿಮೆ, ಆದರೆ ಸೋರಿಕೆ ವರ್ಷವಿಡೀ ಇರುತ್ತದೆ. ಒಬ್ಬರು ಆರು ತಿಂಗಳಿದ್ದು ಹೋದರು, ಮುಂದಿನವರು ಬರಲು ಇಪ್ಪತ್ತು ದಿನ ಹಿಡಿಯಿತು. 200 ದಿನದಲ್ಲಿ 20 ದಿನ ಖಾಲಿ, ಅಂದರೆ ಶೇ. 10 ಅಲ್ಲೇ ಹೋಯಿತು. ಕಣ್ಣಿಗೆ ಮಾತ್ರ ಕಟ್ಟಡ ಯಾವಾಗಲೂ ತುಂಬಿದಂತೆಯೇ ಕಾಣುತ್ತಿರುತ್ತದೆ. ಒಂದು ತಿಂಗಳ ನೋಟಿಸ್ ಕೊಡದಿದ್ದರೆ ಅಡ್ವಾನ್ಸಿನಲ್ಲಿ ಹಿಡಿಯುತ್ತೇವೆ ಎಂಬ ಷರತ್ತು ಹುಟ್ಟಿದ್ದು ಈ ಇಪ್ಪತ್ತು ದಿನದಿಂದ. ನೋಟಿಸ್ ಕೊಟ್ಟವರ ಬೆಡ್ಡನ್ನು ಅವರಿರುವಾಗಲೇ ಹೊಸಬರಿಗೆ ತೋರಿಸಿದರೆ ಅಂತರ ವಾರಕ್ಕೆ ಇಳಿಯುತ್ತದೆ.

ಇನ್ನು ಊಟ. ಜನ ಕಡಿಮೆಯಾದರೆ ಇಳಿಯುವ ಖರ್ಚು ಇದು, ಹಾಗಾಗಿ ಇದನ್ನು ಖಾಯಂ ಖರ್ಚಿನೊಂದಿಗೆ ಬೆರೆಸಬಾರದು. ಮೂರು ಹೊತ್ತು, ಮೂವತ್ತು ದಿನ ಎಂದು 90 ಊಟ ಎಣಿಸಿದರೆ ಲೆಕ್ಕ ಉಬ್ಬುತ್ತದೆ. ಕೆಲಸಕ್ಕೆ ಹೋಗುವವರು ವಾರದ ದಿನಗಳಲ್ಲಿ ಮಧ್ಯಾಹ್ನ ಆಫೀಸಿನಲ್ಲಿ ಉಣ್ಣುತ್ತಾರೆ, ವಾರದ ಕೊನೆಗೆ ಊರಿಗೆ ಹೋಗುತ್ತಾರೆ. ಒಂದು ತಿಂಗಳು ತಟ್ಟೆ ಎಣಿಸಿ ನೋಡಿದರೆ ತಲೆಗೆ 26 ತಿಂಡಿ, 10 ಮಧ್ಯಾಹ್ನದ ಊಟ, 24 ರಾತ್ರಿ ಊಟ ಬರಬಹುದು. ತಿಂಡಿಗೆ 22, ಊಟಕ್ಕೆ 35 ರೂಪಾಯಿಯ ದಿನಸಿ, ತರಕಾರಿ ಹಿಡಿದರೆ 1,762 ರೂಪಾಯಿ. ಮಾಡಿ ಉಳಿದು ಚೆಲ್ಲುವುದು ಶೇ. 10 ಇದ್ದೇ ಇರುತ್ತದೆ. ಮಳೆ ಬಂದ ರಾತ್ರಿ ಎಲ್ಲರೂ ಹಾಜರು, ಸಂಬಳದ ದಿನ ಅರ್ಧ ಜನ ಹೊರಗೆ. ಭಟ್ಟರಿಗೆ ಮುಂಚೆ ತಿಳಿಯುವುದು ಹೇಗೆ? ಗ್ಯಾಸಿಗೆ ತಲೆಗೆ ಸುಮಾರು 250. ಇದು 19 ಕೆಜಿಯ ಕಮರ್ಷಿಯಲ್ ಸಿಲಿಂಡರಿನ ಲೆಕ್ಕ, ಮನೆಬಳಕೆಯ 14.2 ಕೆಜಿ ಸಿಲಿಂಡರನ್ನು ಇಲ್ಲಿ ಉರಿಸುವಂತಿಲ್ಲ. ಎಲ್ಲ ಸೇರಿ 2,200 ಎನ್ನೋಣ.

ನನಗೆ ಊಟ ಬೇಡ, ಎಷ್ಟು ಕಡಿಮೆ ಮಾಡ್ತೀರಿ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಅವರು ಉಣ್ಣದಿದ್ದರೂ ಅಡುಗೆಯವರ ಸಂಬಳ ಉಳಿಯುವುದಿಲ್ಲ. ಹೆಚ್ಚೆಂದರೆ 2,200 ಬಿಡಬಹುದು. 3,500 ಬಿಟ್ಟರೆ ಉಳಿದ 1,300 ಪಿಜಿಯವರ ಜೇಬಿನದು.

ಕರೆಂಟಿನಲ್ಲಿ ಮೊದಲು ತಿಳಿಯಬೇಕಾದದ್ದು ಯೂನಿಟ್ಟಿನ ನಿಜವಾದ ಬೆಲೆ. ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿದ ಬಿಲ್ಲನ್ನು ಉರಿದ ಯೂನಿಟ್ಟುಗಳಿಂದ ಭಾಗಿಸಿದರೆ ಅದು ಸಿಗುತ್ತದೆ. ಇಲ್ಲಿ 10 ರೂಪಾಯಿ ಇಟ್ಟುಕೊಳ್ಳೋಣ. ಗೃಹಜ್ಯೋತಿಯ 200 ಯೂನಿಟ್ ಬರೋದಿಲ್ವಾ ಎಂದು ಹೊಸಬರು ಕೇಳುವುದುಂಟು. ಅದು ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ. ಪಿಜಿಗೆಂದೇ ನಡೆಸುವ ಕಟ್ಟಡದ ವಾಣಿಜ್ಯ ಮೀಟರಿಗೆ ಅನ್ವಯಿಸುವುದಿಲ್ಲ.

ರೂಮಿನಲ್ಲಿ ಹೆಚ್ಚು ಎಳೆಯುವುದು ಗೀಸರ್. 15 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 0.35 ಯೂನಿಟ್ ಬೇಕು. ದಿನಕ್ಕೊಂದು ಬಕೆಟ್ ಸ್ನಾನಕ್ಕೆ ತಿಂಗಳಿಗೆ ಹತ್ತು ಯೂನಿಟ್ ದಾಟುತ್ತದೆ. 75 ವಾಟಿನ ಹಳೇ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್, ಇಬ್ಬರಿಗೆ ಹಂಚಿದರೆ ತಲೆಗೆ 13ರಿಂದ 14. ಲೈಟು, ಲ್ಯಾಪ್‌ಟಾಪು, ಫೋನಿಗೆ ಐದಾರು. ಒಟ್ಟು 30 ಯೂನಿಟ್, 300 ರೂಪಾಯಿ. ಇಷ್ಟು ಸಣ್ಣ ಮೊತ್ತಕ್ಕೆ ರೂಮು ರೂಮಿಗೂ ಮೀಟರ್ ಓದಿ ಜಗಳವಾಡುವುದಕ್ಕಿಂತ ದರದಲ್ಲೇ ಸೇರಿಸುವುದು ವಾಸಿ. ಎಸಿ ರೂಮಿನದು ಬೇರೆ ಕಥೆ. ರಾತ್ರಿ ಎಂಟು ಗಂಟೆಗೆ ಐದರಿಂದ ಎಂಟು ಯೂನಿಟ್ ಹಿಡಿದರೂ ತಿಂಗಳಿಗೆ 1,500ರಿಂದ 2,400 ರೂಪಾಯಿ ಆಗುತ್ತದೆ. ಅಲ್ಲಿ ಸಬ್ ಮೀಟರ್ ಹಾಕಿ ಓಡಿದಷ್ಟಕ್ಕೆ ವಸೂಲಿ ಮಾಡಬೇಕು. ಎಸಿ ಇಲ್ಲದ ಒಂದು ಮಹಡಿಯ ಬಿಲ್ಲು ಇದ್ದಕ್ಕಿದ್ದಂತೆ ಜಿಗಿದರೆ ಯಾರದೋ ಮಂಚದ ಕೆಳಗೆ ಇಂಡಕ್ಷನ್ ಒಲೆ ಇದೆ ಎಂದು ಅನುಭವಿಗಳು ಮೆಟ್ಟಿಲು ಹತ್ತುವ ಮೊದಲೇ ಹೇಳುತ್ತಾರೆ.

ಈಗ ಕೂಡೋಣ. ಜಾಗಕ್ಕೆ 9,412, ಊಟಕ್ಕೆ 2,200, ಕರೆಂಟಿಗೆ 300, ಒಟ್ಟು 11,912. ವಸೂಲಾಗದ ಬಾಕಿ, ಅನಿರೀಕ್ಷಿತ ಖರ್ಚು, ಒಂದಿಷ್ಟು ಲಾಭಕ್ಕೆಂದು 12,500 ಎಂದು ನಿಲ್ಲಿಸಬಹುದು.

ಪಕ್ಕದ ಪಿಜಿಯಲ್ಲಿ 11,000 ಇದ್ದರೆ? ಒಬ್ಬರ ಊಟ, ಕರೆಂಟಿನ 2,500 ಕಳೆದರೆ 12,500ರ ದರದಲ್ಲಿ ಬೆಡ್ಡಿಗೆ 10,000 ಉಳಿಯುತ್ತದೆ. 3,20,000 ಹುಟ್ಟಲು 32 ಜನ ಸಾಕು. 11,000ದ ದರದಲ್ಲಿ ಉಳಿಯುವುದು 8,500. ಆಗ 38 ಜನ ಬೇಕು. ವರ್ಷದ ಉದ್ದಕ್ಕೂ ಸರಾಸರಿ ಎರಡೇ ಬೆಡ್ಡು ಖಾಲಿ ಇರಬಹುದು ಎಂದರ್ಥ. 34ರ ಇತಿಹಾಸ ಇರುವ ಕಟ್ಟಡ 11,000ಕ್ಕೆ ಇಳಿದೊಡನೆ ತಾನಾಗಿಯೇ 38 ಆಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಖಾತ್ರಿ ಇಲ್ಲದಿದ್ದರೆ ದರ ಇಳಿಸುವುದಕ್ಕಿಂತ ಬಾಡಿಗೆ ಇಳಿಸಿಕೊಳ್ಳಲು ಮಾಲೀಕರ ಹತ್ತಿರ ಮಾತಾಡುವುದೇ ಲೇಸು.

ಇಂದು ಖಾಲಿ ಇರುವ ಬೆಡ್ಡಿಗೆ 2,500ಕ್ಕಿಂತ ಎಷ್ಟು ಹೆಚ್ಚು ಬಂದರೂ ಈ ತಿಂಗಳ ಮಟ್ಟಿಗೆ ಲಾಭವೇ ಎಂಬ ವಾದವೂ ಇದೆ. ಲೆಕ್ಕ ಸರಿ. ಆದರೆ ಹೊಸಬರಿಗೆ 9,000 ಎಂಬ ಸುದ್ದಿ ರಾತ್ರಿ ಊಟದ ಹೊತ್ತಿಗೆ ಹಳಬರ ಕಿವಿ ತಲುಪಿರುತ್ತದೆ. ದಿನಬಾಡಿಗೆಯವರನ್ನು ಸೇರಿಸಿಕೊಳ್ಳೋಣ ಎಂದರೆ ಜಿಎಸ್‌ಟಿ ನೋಡಬೇಕು. 2024ರ ಜೂನ್‌ನ ಜಿಎಸ್‌ಟಿ ಮಂಡಳಿ ಸಭೆಯ ನಿರ್ಧಾರದಂತೆ ಹಾಸ್ಟೆಲ್, ಪಿಜಿ ವಾಸಕ್ಕೆ ತೆರಿಗೆ ವಿನಾಯಿತಿ ಸಿಗುವುದು ತಲೆಗೆ ತಿಂಗಳಿಗೆ 20,000 ರೂಪಾಯಿಯೊಳಗೆ ಇದ್ದು, ವಾಸ ಸತತ 90 ದಿನವಾದರೂ ಇದ್ದಾಗ. ವಾರಕ್ಕೆ ಬಂದುಹೋಗುವವರು ಆ ವಿನಾಯಿತಿಯಲ್ಲಿ ಬರುವುದಿಲ್ಲ.

ಈ ಲೆಕ್ಕ ಹಾಕಬೇಕಾದದ್ದು ಕಟ್ಟಡದ ಕರಾರಿಗೆ ಸಹಿ ಹಾಕುವ ಮೊದಲು. ಕರಾರಿನಲ್ಲಿ ವರ್ಷಕ್ಕೆ ಶೇ. 5 ಏರಿಕೆ ಎಂದಿದ್ದರೆ ಮುಂದಿನ ವರ್ಷ ಬಾಡಿಗೆ 8,000 ಹೆಚ್ಚುತ್ತದೆ. ಅದನ್ನು ಹೊರುವವರು ನಲವತ್ತು ಜನ ಅಲ್ಲ, ಮೂವತ್ತನಾಲ್ಕು. ಅಕ್ಕಿ, ಬೇಳೆ, ಗ್ಯಾಸಿನ ಬೆಲೆ ಒಂದು ಪೈಸೆ ಏರದಿದ್ದರೂ ಬೆಡ್ಡಿಗೆ 235 ರೂಪಾಯಿ ಏರಿಸಲೇಬೇಕಾಗುತ್ತದೆ.